ಅಜ್ಜಿ ಮುಖದಿಂದ ಮೊಮ್ಮಗಳ ಮುಖಕ್ಕೆ ಒಂಬತ್ತು ಚಿತ್ರ: ವಾರ್ಪ್, ಸ್ಟೈಲ್‌ಗ್ಯಾನ್, ಡಿಫ್ಯೂಷನ್, ಯಾವುದು ಯಾವಾಗ?

ಒಂದು ಮುಖ ಮೆಲ್ಲಗೆ ಇನ್ನೊಂದು ಮುಖ ಆಗುವ ಮಾರ್ಫ್ ವಿಡಿಯೋ ಎಲ್ಲರೂ ನೋಡಿರುತ್ತೀರಿ. ವಿಡಿಯೋದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಒಂದು ಫ್ರೇಮ್ ಕೆಟ್ಟಿದ್ದರೂ ಕಣ್ಣಿಗೆ ಬೀಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಆದರೆ ಅದನ್ನೇ ಸ್ಟಿಲ್ ಫೋಟೋಗಳ ಸಾಲಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ನೇತುಹಾಕಿದರೆ ಪ್ರತಿಯೊಂದು ಚಿತ್ರವೂ ತನ್ನ ಕಾಲ ಮೇಲೆ ನಿಲ್ಲಬೇಕು. ಮನೆಗೆ ಬಂದವರು ಹತ್ತಿರ ಹೋಗಿ, ಬೆರಳಿಟ್ಟು ನೋಡುತ್ತಾರೆ.

ಇಲ್ಲಿ ನಾನು ಹೇಳುತ್ತಿರುವುದು ಈ ಸ್ಟಿಲ್ ಸಾಲಿನ ಬಗ್ಗೆ ಮಾತ್ರ. ಉದಾಹರಣೆಗೆ ಇತ್ತೀಚೆಗೆ ದಾವಣಗೆರೆಯಲ್ಲಿ ನನಗೆ ಪರಿಚಯದ ಒಂದು ಮನೆಯವರಿಗೆ ಮಾಡಿಕೊಟ್ಟ ಕೆಲಸ ಇಟ್ಟುಕೊಳ್ಳುತ್ತೇನೆ. ಹೊಸ ಮನೆ ಹಾಲ್‌ನ ಗೋಡೆಗೆ ಒಂಬತ್ತು ಚಿತ್ರ ಬೇಕು. ಎಡತುದಿಯಲ್ಲಿ ಅಜ್ಜಿ ಮದುವೆ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಕಪ್ಪು ಬಿಳುಪು ಫೋಟೋ, ಬಲತುದಿಯಲ್ಲಿ ಈಗ ಅದೇ ವಯಸ್ಸಿನಲ್ಲಿರುವ ಮೊಮ್ಮಗಳು, ನಡುವೆ ಏಳು. ಅಜ್ಜಿ ತೀರಿಕೊಂಡಿದ್ದಾರೆ, ಹಾಗಾಗಿ ಮನೆಯ ಎಲ್ಲರನ್ನೂ ಕೂರಿಸಿ ಕೇಳಿ, ಒಪ್ಪಿಗೆ ತಗೊಂಡೇ ಶುರು ಮಾಡಿದ್ದು.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನಿಸಲು ಪೂರ್ತಿ ಸಾಲು ಮಾಡಿ ನೋಡಬೇಕಾಗಿಲ್ಲ. ವಾರ್ಪ್, ಸ್ಟೈಲ್‌ಗ್ಯಾನ್, ಡಿಫ್ಯೂಷನ್ ಈ ಮೂರೂ ದಾರಿಯಲ್ಲಿ ನಟ್ಟನಡುವಿನ ಒಂದೇ ಒಂದು ಚಿತ್ರ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ. ಕೆಡುವುದಿದ್ದರೆ ಅಲ್ಲೇ ಕೆಡುತ್ತದೆ. ತುದಿಗಳ ಹತ್ತಿರ ಎಲ್ಲ ವಿಧಾನಗಳೂ ಚೆನ್ನಾಗೇ ಕಾಣುತ್ತವೆ.

ಯಾವುದಕ್ಕೂ ಮೊದಲು, ಫೋಟೋ

ಎರಡು ಮುಖಗಳಲ್ಲಿ ಒಬ್ಬರು ಈಗ ಫೋಟೋಗೆ ಸಿಗುತ್ತಾರೆ ಅಂದರೆ ಅರ್ಧ ಕಷ್ಟ ಕ್ಯಾಮೆರಾದಲ್ಲೇ ಮುಗಿಯುತ್ತದೆ. ಮೊಮ್ಮಗಳು ಮೊದಲು ಕೊಟ್ಟಿದ್ದು ಮೊಬೈಲ್‌ನಲ್ಲಿ ತೆಗೆದ ಸೆಲ್ಫಿ. ಹಲ್ಲು ಕಾಣುವ ನಗು, ನೇರ ಮುಖ, ಮೇಲಿಂದ ಬೆಳಕು. ಅಜ್ಜಿಯದು ಸ್ವಲ್ಪ ಎಡಕ್ಕೆ ತಿರುಗಿದ ಮುಖ, ಮುಚ್ಚಿದ ಬಾಯಿ, ಒಂದು ಪಕ್ಕದಿಂದ ಬೆಳಕು. ಈ ಜೋಡಿಯಲ್ಲಿ ಯಾವ ವಿಧಾನ ಹಿಡಿದರೂ ನಡುವಿನ ಚಿತ್ರದಲ್ಲಿ ತುಟಿಗಳ ನಡುವೆ ಹಲ್ಲೂ ಅಲ್ಲದ, ತುಟಿಯೂ ಅಲ್ಲದ ಒಂದು ಬೂದು ಗೆರೆ ಬರುತ್ತದೆ. ಆದ್ದರಿಂದ ಅವಳನ್ನು ಕಿಟಕಿ ಪಕ್ಕ ಕೂರಿಸಿ, ಅಜ್ಜಿ ಫೋಟೋ ಎದುರಿಗಿಟ್ಟುಕೊಂಡು, ಅದೇ ತಿರುವು, ಅದೇ ಕಡೆ ಬೆಳಕು, ಬಾಯಿ ಮುಚ್ಚಿ ಹೊಸದಾಗಿ ತೆಗೆದೆವು. ಕನ್ನಡಕವಿದ್ದರೆ ತೆಗೆಸಿ. ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ನಡುವೆ ಅರ್ಧ ಕನ್ನಡಕ ತೇಲುತ್ತದೆ, ಅದನ್ನು ಸರಿಮಾಡುವುದು ದೊಡ್ಡ ತಲೆನೋವು.

ಇನ್ನೆರಡು ಕೆಲಸ. ಹೊಸ ಫೋಟೋವನ್ನೂ ಕಪ್ಪು ಬಿಳುಪು ಮಾಡಿ. ಇಲ್ಲದಿದ್ದರೆ ಸಾಲಿನಲ್ಲಿ ಎದ್ದು ಕಾಣುವುದು ಬಣ್ಣ ಬರುವುದೇ ಹೊರತು ಮುಖ ಬದಲಾಗುವುದಲ್ಲ. ಎರಡರ ಹಿನ್ನೆಲೆಯನ್ನೂ ಕತ್ತರಿಸಿ ಒಂದೇ ಬೂದು ಬಣ್ಣ ಹಾಕಿ. ಹಳೇ ಸ್ಟುಡಿಯೋ ಫೋಟೋಗಳ ಬಣ್ಣ ಬಳಿದ ಪರದೆ ಚೆಂದವೇ, ಆದರೆ ಅದು ಅರ್ಧ ಕರಗಿದ ಸ್ಥಿತಿಯಲ್ಲಿ ಕೊಳೆ ಹಿಡಿದ ಹಾಗೆ ಕಾಣುತ್ತದೆ.

ಹಳೇ ದಾರಿ: ವಾರ್ಪ್

ಇದಕ್ಕೆ ಯಾವ ಮಾಡೆಲ್ಲೂ ಬೇಡ, ಗ್ರಾಫಿಕ್ಸ್ ಕಾರ್ಡೂ ಬೇಡ. ಎರಡೂ ಮುಖದ ಮೇಲೆ ಒಂದೇ ಕ್ರಮದಲ್ಲಿ ಗುರುತಿನ ಚುಕ್ಕೆ ಇಡುತ್ತೀರಿ: ಕಣ್ಣಿನ ಮೂಲೆ, ಹುಬ್ಬು, ಮೂಗಿನ ತುದಿ, ತುಟಿಯ ಅಂಚು, ಗದ್ದ. ಚುಕ್ಕೆಗಳನ್ನು ತ್ರಿಕೋನಗಳಾಗಿ ಜೋಡಿಸುತ್ತೀರಿ. ಎರಡೂ ಮುಖವನ್ನು ನಡುವಿನ ಒಂದು ಆಕಾರಕ್ಕೆ ಎಳೆದು, ಆಮೇಲೆ ಒಂದರ ಮೇಲೊಂದು ಕರಗಿಸುತ್ತೀರಿ. ಓಪನ್‌ಸಿವಿ ಅನ್ನುವ ಕೋಡ್ ಲೈಬ್ರರಿ ಇದ್ದರೆ ಸಾಕು.

ತಾನೇ ಚುಕ್ಕೆ ಇಡುವ ಡಿಲಿಬ್‌ನ 68 ಚುಕ್ಕೆಗಳ ಮಾಡೆಲ್ ತುಂಬಾ ಜನ ಬಳಸುತ್ತಾರೆ. ಅದರಲ್ಲಿ ಹಣೆಗೆ ಒಂದು ಚುಕ್ಕೆಯೂ ಇಲ್ಲ. ಹುಬ್ಬಿಗೇ ನಿಂತುಬಿಡುತ್ತದೆ. ಹಾಗಾಗಿ ಹಣೆ, ಬೈತಲೆ, ಕಿವಿ, ಕೂದಲಿನ ಅಂಚು ಇವಕ್ಕೆಲ್ಲ ಕೈಯಲ್ಲೇ ಇಡಬೇಕು.

ವಾರ್ಪ್‌ನ ದೊಡ್ಡ ಗುಣ ನಮ್ಮ ಕಡೆಯ ಮುಖಗಳಲ್ಲೇ ಗೊತ್ತಾಗುತ್ತದೆ. ಅಜ್ಜಿ ಹಣೆಯ ಕುಂಕುಮದ ನಡುವೆ ಒಂದು ಚುಕ್ಕೆ, ಮೊಮ್ಮಗಳ ಬೊಟ್ಟಿನ ನಡುವೆ ಅದರ ಜೋಡಿ ಚುಕ್ಕೆ. ಅಷ್ಟೇ. ಅಜ್ಜಿ ಕುಂಕುಮ ಸ್ವಲ್ಪ ಮೇಲೆ, ದೊಡ್ಡದು. ಅವಳದು ಹುಬ್ಬಿನ ನಡುವೆ, ಚಿಕ್ಕದು. ಸುತ್ತ ಇನ್ನೂ ನಾಲ್ಕು ಚುಕ್ಕೆ ಇಟ್ಟರೆ ಬೊಟ್ಟು ಒಂಬತ್ತು ಚಿತ್ರದಲ್ಲೂ ಅಚ್ಚುಕಟ್ಟಾಗಿ ಉಳಿದು, ಚಿಕ್ಕದಾಗುತ್ತಾ ಕೆಳಗೆ ಜಾರುತ್ತದೆ. ಮುಂದೆ ಹೇಳುವ ಎರಡು ಹೊಸ ವಿಧಾನಕ್ಕೂ ಇದು ಇಷ್ಟು ಸಲೀಸಾಗಿ ಆಗುವುದಿಲ್ಲ. ಇನ್ನೊಂದು ಗುಣ, ತುದಿಯ ಎರಡು ಚಿತ್ರ ನಿಮ್ಮ ಸ್ಕ್ಯಾನ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದು, ಒಂದು ಕೂದಲೆಳೆಯೂ ಬದಲಾಗುವುದಿಲ್ಲ.

ಕೆಡುವುದು ಎಲ್ಲಿ? ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಕಡೆಗಳಲ್ಲಿ. ಅಜ್ಜಿ ಕೂದಲು ಎಣ್ಣೆ ಹಚ್ಚಿ, ಬೈತಲೆ ತೆಗೆದು ಹಿಂದಕ್ಕೆ ಬಾಚಿದ್ದು. ಮೊಮ್ಮಗಳದು ಭುಜದವರೆಗೆ ಕತ್ತರಿಸಿದ್ದು, ಕೆನ್ನೆ ಪಕ್ಕ ಇಳಿದಿದೆ. ಇವುಗಳ ನಡುವೆ ಎಳೆದು ಹೊಂದಿಸಲು ಏನೂ ಇಲ್ಲ, ಸುಮ್ನೆ ಕರಗಿಸಬೇಕು. ನಡುವಿನ ಚಿತ್ರದಲ್ಲಿ ಕೆನ್ನೆಯ ಪಕ್ಕ ಅರೆಪಾರದರ್ಶಕ ಕೂದಲು, ಅದರ ಹಿಂದೆ ಅಜ್ಜಿಯ ಕಿವಿ ಕಾಣುತ್ತಿತ್ತು. ನೋಡಿದ ಕೂಡಲೇ ಡಬಲ್ ಎಕ್ಸ್‌ಪೋಷರ್ ಅಂತ ತಿಳಿಯುತ್ತದೆ. ಮುಖ ತಿರುಗಿದ ಕೋನದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೂ ಇದೇ ಕಥೆ, ಮೂಗು ಚಪ್ಪಟೆಯಾಗುತ್ತದೆ.

ಕೂದಲು ಒಂದೇ ಥರ ಇದ್ದಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಇಬ್ಬರೂ ಬಾಚಿ ಕಟ್ಟಿದವರು, ಇಬ್ಬರೂ ನೇರ ನೋಡಿದವರು ಅಂದರೆ ವಾರ್ಪ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಸ್ಟೈಲ್‌ಗ್ಯಾನ್2: ನನ್ನ ಆಯ್ಕೆ, ಆದರೆ ಎಚ್ಚರದಿಂದ

ಇಲ್ಲಿಂದ ಲೇಟೆಂಟ್ ವಿಷಯ, ಅಂದರೆ ಮಾಡೆಲ್ ಒಂದು ಮುಖವನ್ನು ಒಳಗೆ ಸಂಖ್ಯೆಗಳಾಗಿ ಇಟ್ಟುಕೊಳ್ಳುವ ರೀತಿ. ಸ್ಟೈಲ್‌ಗ್ಯಾನ್2 ಎಫ್‌ಎಫ್‌ಎಚ್‌ಕ್ಯೂ ಅನ್ನುವ 70,000 ಮುಖಗಳ ಸಂಗ್ರಹದ ಮೇಲೆ ಕಲಿತ ಮಾಡೆಲ್. ಅದಕ್ಕೆ ಪ್ರತಿ ಮುಖವೂ ಒಂದಿಷ್ಟು ಸಂಖ್ಯೆಗಳ ಪಟ್ಟಿ. ಪಟ್ಟಿ ಕೊಟ್ಟರೆ 1024×1024ರ ಮುಖ ಬಿಡಿಸುತ್ತದೆ. ನಾವು ಮಾಡುವುದು, ಅಜ್ಜಿ ಮುಖದ ಪಟ್ಟಿ ಒಂದು, ಮೊಮ್ಮಗಳ ಮುಖದ ಪಟ್ಟಿ ಒಂದು ಹುಡುಕಿ, ಆ ಎರಡರ ನಡುವಿನ ಸಂಖ್ಯೆಗಳನ್ನು ಕೊಟ್ಟು ಬಿಡಿಸುವುದು. ಕರಗಿಸುವುದು ಇಲ್ಲವೇ ಇಲ್ಲ. ನಡುವಿನ ಪ್ರತಿ ಚಿತ್ರವೂ ಹೊಸದಾಗಿ ಬಿಡಿಸಿದ ಪೂರ್ಣ ಮುಖ. ಹಾಗಾಗಿ ಕೂದಲು ಪಾರದರ್ಶಕ ಆಗುವುದಿಲ್ಲ, ನಿಜವಾಗಿಯೂ ಸ್ವಲ್ಪಸ್ವಲ್ಪವೇ ಇಳಿದುಬರುತ್ತದೆ.

ಯಾವ ಪಟ್ಟಿ ಅನ್ನುವುದೇ ಇಲ್ಲಿ ಮುಖ್ಯ. ಮೂರು ಇವೆ. ಮೊದಲನೆಯದು ಝಡ್, 512 ಯಾದೃಚ್ಛಿಕ ಸಂಖ್ಯೆ. ಅದನ್ನು ಎಂಟು ಪದರದ ಒಂದು ಪುಟ್ಟ ನೆಟ್‌ವರ್ಕ್ ಡಬ್ಲ್ಯೂ ಅನ್ನುವ ಇನ್ನೊಂದು 512ರ ಪಟ್ಟಿಗೆ ತಿರುಗಿಸುತ್ತದೆ. ಆ ಒಂದೇ ಡಬ್ಲ್ಯೂ ಚಿತ್ರ ಬಿಡಿಸುವ 18 ಹಂತಗಳಿಗೂ ಹೋಗುತ್ತದೆ. 18 ಹಂತಕ್ಕೂ ಬೇರೆಬೇರೆ ಪಟ್ಟಿ ಕೊಟ್ಟರೆ ಅದು ಡಬ್ಲ್ಯೂ ಪ್ಲಸ್.

ಝಡ್‌ನಲ್ಲಿ ಮಾರ್ಫ್ ಮಾಡಬೇಡಿ. ಅಲ್ಲಿ ಸಮ ಹೆಜ್ಜೆ ಇಟ್ಟರೂ ಮುಖ ಸಮವಾಗಿ ಬದಲಾಗುವುದಿಲ್ಲ, ಕೆಲವೊಮ್ಮೆ ನಡುವೆ ಸಂಬಂಧವೇ ಇಲ್ಲದ ಮೂರನೆಯವರ ಮುಖ ಬಂದುಹೋಗುತ್ತದೆ. ಆಯ್ಕೆ ಇರುವುದು ಡಬ್ಲ್ಯೂ ಮತ್ತು ಡಬ್ಲ್ಯೂ ಪ್ಲಸ್ ನಡುವೆ, ಮತ್ತು ಇವೆರಡರ ಗುಣ ಒಂದಕ್ಕೊಂದು ಉಲ್ಟಾ. ಡಬ್ಲ್ಯೂನಲ್ಲಿ ಹುಡುಕಿದರೆ ಸಿಗುವುದು ಅಜ್ಜಿಯ ದೂರದ ನೆಂಟರ ಮುಖ, ಅಜ್ಜಿ ಅಲ್ಲ. ಆದರೆ ನಡುವಿನ ಚಿತ್ರಗಳು ಬಹಳ ನುಣುಪು. ಡಬ್ಲ್ಯೂ ಪ್ಲಸ್‌ನಲ್ಲಿ ಬಿಗಿಯಾಗಿ ಹುಡುಕಿದರೆ ತುದಿಗಳು ಅಚ್ಚು ಹೊಡೆದಂತೆ ಬರುತ್ತವೆ, ಆದರೆ ಆ ಪಟ್ಟಿ ಮಾಡೆಲ್‌ಗೆ ಪರಿಚಯವಿರುವ ಜಾಗದಿಂದ ಹೊರಗೆ ಹೋಗಿರುತ್ತದೆ. ನಡುವಿನ ಚಿತ್ರದಲ್ಲಿ ಕೆನ್ನೆಯ ಮೇಲೆ ಕಲೆ, ಒಂದು ಕಣ್ಣು ನೀರಿನಲ್ಲಿ ಕದಡಿದ ಹಾಗೆ.

ಇದರಿಂದ ಹೊರಬರುವ ದಾರಿ 2021ರಲ್ಲಿ ಬಂದ ಪಿಟಿಐ ವಿಧಾನ. ಅದು ಮೊದಲು ಡಬ್ಲ್ಯೂನಲ್ಲೇ ಹತ್ತಿರದ ಮುಖ ಹುಡುಕುತ್ತದೆ. ಆಮೇಲೆ ಪಟ್ಟಿ ಮುಟ್ಟದೆ, ಮಾಡೆಲ್‌ನ್ನೇ ಸ್ವಲ್ಪ ತಿದ್ದುತ್ತದೆ, ಆ ಪಟ್ಟಿ ಕೊಟ್ಟರೆ ಇದೇ ಅಜ್ಜಿ ಬರಬೇಕು ಅಂತ. ನುಣುಪೂ ಉಳಿಯುತ್ತದೆ, ಹೋಲಿಕೆಯೂ ಬರುತ್ತದೆ. ಒಂದು ಮಾತು ಮರೆಯಬೇಡಿ: ಇಬ್ಬರನ್ನೂ ಬೇರೆಬೇರೆ ಓಡಿಸಿದರೆ ಎರಡು ಬೇರೆ ಮಾಡೆಲ್ ಕೈಗೆ ಬರುತ್ತವೆ, ಅವುಗಳ ನಡುವೆ ಮಾರ್ಫ್ ಮಾಡಲು ಆಗುವುದಿಲ್ಲ. ಎರಡೂ ಮುಖಕ್ಕೆ ಒಂದೇ ಮಾಡೆಲ್ ತಿದ್ದುವ `use_multi_id_training` ಆನ್ ಮಾಡಿಕೊಳ್ಳಿ.

ಬೊಟ್ಟಿನ ವಿಷಯಕ್ಕೆ ಬರೋಣ. ಡಬ್ಲ್ಯೂ ಹಂತದಲ್ಲಿ ಅಜ್ಜಿ ಕುಂಕುಮ ಹಣೆ ಮೇಲೆ ಒಂದು ಮಬ್ಬು ನೆರಳಾಗಿ ಉಳಿಯಿತು, ಮೂಗುತಿ ಹೊಳಪಿನ ಚುಕ್ಕೆಯಾಗಿ ಕರಗಿತು. ಪಿಟಿಐ ಆದಮೇಲೆ ತುದಿಗಳಲ್ಲಿ ಎರಡೂ ವಾಪಸ್ ಬಂದವು. ಆದರೆ ನಡುವಿನ ಚಿತ್ರಗಳಲ್ಲಿ ಕುಂಕುಮ ಮತ್ತೆ ಮಸುಕು. ಹಾಗಾಗಿ ನಾನು ಮಾಡುವುದು ಹೀಗೆ. ಶುರುವಿನಲ್ಲೇ ಎರಡೂ ಫೋಟೋದಲ್ಲಿ ಬೊಟ್ಟು, ಮೂಗುತಿಯನ್ನು ರೀಟಚ್ ಮಾಡಿ ತೆಗೆಯುವುದು. ಬೋಳು ಹಣೆಯಲ್ಲೇ ಮಾರ್ಫ್ ಮಾಡುವುದು. ಕೊನೆಗೆ ತುದಿಗಳ ಬೊಟ್ಟಿನ ಜಾಗ, ಅಳತೆ ನೋಡಿಕೊಂಡು ನಡುವಿನ ಏಳಕ್ಕೂ ಲೆಕ್ಕ ಹಾಕಿ ಕೈಯಲ್ಲೇ ಇಡುವುದು. ವಾರ್ಪ್ ತಾನಾಗೇ ಮಾಡಿದ್ದನ್ನು ಇಲ್ಲಿ ಕೈಯಲ್ಲಿ ಮಾಡುತ್ತೇವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ. ಅಜ್ಜಿಯ ಹಣೆ ಖಾಲಿ ಇರುವ ಚಿತ್ರ ಸ್ಕ್ರೀನ್ ಮೇಲೆ ನೋಡಿ ಅವರಿಗೆ ನೋವಾಗಬಾರದು.

ಈಗ ಚಿತ್ರ ಬಿಡಿಸುವ ಹಂತ. ಒಂಬತ್ತು ಬೇಕು ಅಂತ ಒಂಬತ್ತೇ ಬಿಡಿಸಬೇಡಿ. 61 ಬಿಡಿಸಿ, ಅದರಲ್ಲಿ ಒಂಬತ್ತು ಆರಿಸಿ.

```python
with torch.no_grad():
    frames = [G.synthesis(torch.lerp(wa, wb, t.item()),
                          noise_mode='const')
              for t in torch.linspace(0, 1, 61)]
    d = [lp(a, b).item() ** 0.5
         for a, b in zip(frames, frames[1:])]
s = np.r_[0, np.cumsum(d)]
pick = [abs(s - x).argmin() for x in np.linspace(0, s[-1], 9)]
```

`G` ಪಿಟಿಐ ತಿದ್ದಿದ ಮಾಡೆಲ್. `wa`, `wb` ಎರಡು ಮುಖದ ಪಟ್ಟಿ, 18 ಹಂತಕ್ಕೂ ನಕಲಿಸಿದ್ದು. `noise_mode='const'` ಬಿಟ್ಟರೆ ಮಾಡೆಲ್ ಪ್ರತಿ ಚಿತ್ರಕ್ಕೂ ಹೊಸ ಯಾದೃಚ್ಛಿಕ ಸದ್ದು, ಅಂದರೆ ಕಾಳುಕಾಳಾದ ನಾಯ್ಸ್ ಸೇರಿಸುತ್ತದೆ, ಪಕ್ಕಪಕ್ಕದ ಚಿತ್ರಗಳಲ್ಲಿ ಕೂದಲೆಳೆಗಳು ಕಾರಣವಿಲ್ಲದೆ ಬೇರೆಯಾಗುತ್ತವೆ. `lp` ಅನ್ನುವುದು ಎಲ್‌ಪಿಪ್ಸ್, ಎರಡು ಚಿತ್ರ ಕಣ್ಣಿಗೆ ಎಷ್ಟು ಬೇರೆ ಕಾಣುತ್ತವೆ ಅಂತ ಅಳೆಯುವ ಅಳತೆ. ಅದು ಒಳಗೆ ವ್ಯತ್ಯಾಸದ ವರ್ಗವನ್ನು ಕೂಡುತ್ತದೆ, ಆದ್ದರಿಂದ ವರ್ಗಮೂಲ ತೆಗೆದೇ ಕೂಡಿಸಬೇಕು. ಇಲ್ಲದಿದ್ದರೆ ದೊಡ್ಡ ಜಿಗಿತಗಳಿಗೆ ಬೇಕಿದ್ದಕ್ಕಿಂತ ಜಾಸ್ತಿ ತೂಕ ಬೀಳುತ್ತದೆ.

ಸಂಖ್ಯೆಯಲ್ಲಿ ಸಮ ಹೆಜ್ಜೆ ಇಟ್ಟರೆ ಕಣ್ಣಿಗೆ ಸಮ ಹೆಜ್ಜೆ ಆಗುವುದಿಲ್ಲ, ಅದಕ್ಕೇ ಇಷ್ಟೆಲ್ಲ. ನಮ್ಮ ಜೋಡಿಯಲ್ಲಿ ಕೂದಲು ಇಳಿಯುವುದು ನಡುವಿನ ಒಂದು ಸಣ್ಣ ಭಾಗದಲ್ಲೇ ಆಗಿಬಿಡುತ್ತಿತ್ತು. ಸಮ ಹೆಜ್ಜೆಯಲ್ಲಿ ಆರಿಸಿದರೆ ಮೊದಲ ಮೂರು ಚಿತ್ರವೂ ಅಜ್ಜಿ, ಕೊನೆಯ ಮೂರೂ ಮೊಮ್ಮಗಳು, ನಡುವೆ ಒಂದು ನೆಗೆತ. ಮೇಲಿನ ಲೆಕ್ಕದಲ್ಲಿ ಆರಿಸಿದಾಗ ನಡುವಿನಿಂದ ಜಾಸ್ತಿ ಚಿತ್ರ, ತುದಿಗಳ ಹತ್ತಿರದಿಂದ ಕಡಿಮೆ ಚಿತ್ರ ಬಂತು, ಸಾಲು ಒಂದೇ ನಡಿಗೆಯಲ್ಲಿ ಸಾಗಿತು. ಒಂದೇ ಸುಧಾರಣೆ ಮಾಡಲು ಸಮಯ ಇದೆ ಅಂದರೆ ಇದನ್ನೇ ಮಾಡಿ. ಇದು ಡಿಫ್ಯೂಷನ್‌ಗೂ, ವಾರ್ಪ್‌ಗೂ ಹಾಗೇ ನಡೆಯುತ್ತದೆ. ಕೊನೆಗೆ ಒಂಬತ್ತನ್ನೂ ಮತ್ತೊಮ್ಮೆ ಕಪ್ಪು ಬಿಳುಪಿಗೆ ತಿರುಗಿಸಿ. ಮಾಡೆಲ್ ಅಲ್ಲಲ್ಲಿ ತೆಳು ಬಣ್ಣ ಸೇರಿಸಿರುತ್ತದೆ.

ಇನ್ನೊಂದು ವಿಷಯ ಮನಸ್ಸಿಟ್ಟು ನೋಡಬೇಕು. ಎರಡು ಮುಖಗಳ ನಡುವಿನ ಬಿಂದು ಸಾಮಾನ್ಯವಾಗಿ ಮಾಡೆಲ್‌ನ ಸರಾಸರಿ ಮುಖಕ್ಕೆ ಎರಡೂ ತುದಿಗಿಂತ ಹತ್ತಿರ ಇರುತ್ತದೆ. ಅದು ಕಲಿತ ಫೋಟೋಗಳು ಫ್ಲಿಕರ್‌ನಿಂದ ಬಂದವು, ಅಲ್ಲಿ ಯಾರ ಮುಖ ಜಾಸ್ತಿಯೋ ಆ ಕಡೆಗೇ ಸರಾಸರಿಯೂ ವಾಲುತ್ತದೆ. ಪರಿಣಾಮ, ನಡುವಿನ ಚಿತ್ರದಲ್ಲಿ ಚರ್ಮ ಇಬ್ಬರಿಗಿಂತಲೂ ತಿಳಿಯಾಗುತ್ತದೆ, ಮುಖ ಅಗತ್ಯಕ್ಕಿಂತ ನುಣ್ಣಗಾಗುತ್ತದೆ. ಎಡತುದಿ, ನಡು, ಬಲತುದಿ ಮೂರರ ಕೆನ್ನೆಯ ಒಂದೇ ಜಾಗದಲ್ಲಿ ಕಲರ್ ಪಿಕ್ಕರ್ ಇಟ್ಟು ನೋಡಿ. ನಡುವಿನದು ಎರಡಕ್ಕಿಂತಲೂ ಬೆಳ್ಳಗಿದ್ದರೆ ಕರ್ವ್ಸ್‌ನಲ್ಲಿ ಇಳಿಸಿ. ಇಬ್ಬರೂ ಎಣ್ಣೆಗೆಂಪು ಮೈಬಣ್ಣದವರಾಗಿದ್ದು ನಡುವೆ ಮಾತ್ರ ಬಿಳಿಚಿದ ಮುಖ ಬಂದರೆ ಅದನ್ನು ಹಾಗೇ ಕೊಡುವುದು ಆ ಮನೆಯವರಿಗೆ ಮಾಡುವ ಅನ್ಯಾಯ.

ಮೊದಲ ಪ್ರಿಂಟ್ ತೋರಿಸಿದಾಗ ಮೊಮ್ಮಗಳು, "ಅಣ್ಣಾ, ನಡುವಿಂದು ನಮ್ಮಮ್ಮನ ಥರಾನೇ ಐತಲ್ಲ!" ಅಂದಳು. ಖುಷಿಯ ಮಾತೇ. ಆದರೂ ಹೇಳಬೇಕಾಯಿತು: ಈ ಲೆಕ್ಕಕ್ಕೆ ನಿಮ್ಮಮ್ಮ ಗೊತ್ತಿಲ್ಲ, ರಕ್ತಸಂಬಂಧವೂ ಗೊತ್ತಿಲ್ಲ. ಸಂಬಂಧವೇ ಇಲ್ಲದ ಇಬ್ಬರನ್ನು ಕೊಟ್ಟರೂ ಇಷ್ಟೇ ನುಣುಪಾದ ನಡುಮುಖ ಬರುತ್ತದೆ. ಆ ಚಿತ್ರವನ್ನು ಯಾರದ್ದೋ ಫೋಟೋ ಅಂತ ಎಲ್ಲೂ ಬಳಸಬೇಡಿ, ಗುರುತಿನ ಚೀಟಿಗಂತೂ ಬೇಡವೇ ಬೇಡ. ಇಬ್ಬರ ಮುಖ ಬೆರೆಸಿದ ಫೋಟೋ ಮುಖ ಗುರುತಿಸುವ ಯಂತ್ರಗಳಿಗೆ ಇಬ್ಬರ ಹಾಗೂ ಕಾಣಬಲ್ಲದು, ಪಾಸ್‌ಪೋರ್ಟ್ ವಂಚನೆಯಲ್ಲಿ ಇದೊಂದು ಗೊತ್ತಿರುವ ದಾರಿ.

ಡಿಫ್ಯೂಷನ್: ಸೀರೆ, ರುಮಾಲು, ಪೂರ್ತಿ ಫ್ರೇಮ್ ಬೇಕಾದಾಗ

ಸ್ಟೈಲ್‌ಗ್ಯಾನ್ ನೋಡುವುದು ತಲೆಯಿಂದ ಕತ್ತಿನವರೆಗಿನ ಚೌಕ ಮಾತ್ರ. ಸೆರಗು, ಸರ, ತಾತನ ರುಮಾಲು ಎಲ್ಲ ಬೇಕು, ಅಥವಾ ಮುಖ ಪೂರ್ತಿ ಪಕ್ಕಕ್ಕೆ ತಿರುಗಿದೆ ಅಂದರೆ ಸ್ಟೇಬಲ್ ಡಿಫ್ಯೂಷನ್ ಥರದ ಮಾಡೆಲ್ಲೇ ಗತಿ. ಅದು ಬರೀ ಸದ್ದಿನಿಂದ ಶುರು ಮಾಡಿ, ಹಂತಹಂತವಾಗಿ ಸದ್ದು ತೆಗೆಯುತ್ತಾ ಚಿತ್ರ ಬಿಡಿಸುತ್ತದೆ. ಫೋಟೋವನ್ನು ಡಿಡಿಐಎಂ ವಿಧಾನದಲ್ಲಿ ಹಿಂದಕ್ಕೆ ಓಡಿಸಿ ಅದರ ಸದ್ದು ಪಡೆಯುತ್ತೀರಿ, ಎರಡು ಸದ್ದುಗಳ ನಡುವೆ ಹೋಗಿ ಮತ್ತೆ ಮುಂದಕ್ಕೆ ಓಡಿಸುತ್ತೀರಿ. ಹಿಂದಕ್ಕೆ ಓಡಿಸುವಾಗ ಗೈಡೆನ್ಸ್, ಅಂದರೆ ಬರೆದ ವಿವರಣೆಗೆ ಮಾಡೆಲ್ ಕೊಡುವ ಒತ್ತು, 1 ಇಡಿ, ಜಾಸ್ತಿ ಇಟ್ಟರೆ ತುದಿಯ ಮುಖವೇ ವಾಪಸ್ ಬರುವುದಿಲ್ಲ.

ಇಲ್ಲಿ ನೇರ ಗೆರೆಯಲ್ಲಿ ಹೋಗಬಾರದು, ಗೋಳದ ಮೇಲೆ ಹೋದ ಹಾಗೆ ಬಾಗಿ ಹೋಗಬೇಕು. ಅದಕ್ಕೆ ಸ್ಲರ್ಪ್ ಅಂತಾರೆ. ಕಾರಣ ಸರಳ. 512 ಅಳತೆಯ ಚಿತ್ರಕ್ಕೆ ಈ ಸದ್ದು 64×64×4, ಅಂದರೆ 16,384 ಸಂಖ್ಯೆ, ಅದನ್ನು ಒಂದು ವೆಕ್ಟರ್ ಅಂತ ನೋಡಿದರೆ ಉದ್ದ ಸುಮಾರು 128 ಬರುತ್ತದೆ. ಸಂಬಂಧವಿಲ್ಲದ ಎರಡು ಸದ್ದುಗಳ ನೇರ ಸರಾಸರಿ ತಗೊಂಡರೆ ಉದ್ದ ಸುಮಾರು 90ಕ್ಕೆ ಇಳಿಯುತ್ತದೆ. ಮಾಡೆಲ್ ಅಷ್ಟು ಕಡಿಮೆ ಸದ್ದನ್ನು ನಿರೀಕ್ಷಿಸಿಯೇ ಇರುವುದಿಲ್ಲ, ನಡುವಿನ ಚಿತ್ರ ಮಂಕಾಗಿ, ವಿವರ ಅಳಿಸಿದಂತೆ ಬರುತ್ತದೆ. ಸ್ಲರ್ಪ್‌ನಲ್ಲಿ ಉದ್ದ ಉಳಿಯುತ್ತದೆ. ಡಬ್ಲ್ಯೂನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ನೇರ ಗೆರೆಯೇ ಸರಿ.

ಸ್ಲರ್ಪ್ ಮಾಡಿದರೂ ಡಿಫ್ಯೂಷನ್‌ನ ದೊಡ್ಡ ದೋಷ ಉಳಿಯುತ್ತದೆ: ನೆಗೆತ. ಓಲೆ ಇದ್ದಕ್ಕಿದ್ದ ಹಾಗೆ ಝುಮುಕಿ ಆಗುತ್ತದೆ, ಸೀರೆ ಅಂಚು ಒಂದು ಚಿತ್ರದಲ್ಲಿ ಇದ್ದು ಮುಂದಿನದರಲ್ಲಿ ಇಲ್ಲ. 2023ರ ಡಿಫ್‌ಮಾರ್ಫರ್ ವಿಧಾನ ಪ್ರತಿ ಫೋಟೋಗೂ ಒಂದು ಲೋರಾ, ಅಂದರೆ ಮಾಡೆಲ್‌ಗೆ ಸೇರಿಸುವ ಪುಟ್ಟ ತಿದ್ದುಪಡಿ, ಕಲಿಸಿ, ಲೋರಾಗಳನ್ನೂ ಬೆರೆಸಿ ಇದನ್ನು ತುಂಬಾ ಕಡಿಮೆ ಮಾಡುತ್ತದೆ. ಸುಮ್ನೆ ಸ್ಲರ್ಪ್ ಮಾಡುವುದಕ್ಕಿಂತ ಅದನ್ನೇ ಬಳಸಿ. ಫ್ರೇಮ್‌ನಲ್ಲಿ ಮುಖ ಚಿಕ್ಕದಿದ್ದರೆ ಕಣ್ಣು, ಹಲ್ಲು ಕೆಡುತ್ತವೆ, ಯಾಕೆಂದರೆ ಚಿತ್ರ ಒಳಗೆ ಎಂಟು ಪಟ್ಟು ಕುಗ್ಗಿರುತ್ತದೆ.

ದುಡ್ಡು ತಗೊಂಡು ಮಾಡುವವರಿಗೆ

ಮಂಡಿಪೇಟೆಯಲ್ಲೋ ಪಿ.ಜೆ. ಬಡಾವಣೆಯಲ್ಲೋ ಸ್ಟುಡಿಯೋ ಇಟ್ಟುಕೊಂಡು ಇದನ್ನು ಗಿರಾಕಿಗೆ ಮಾಡಿಕೊಡುವ ಯೋಚನೆ ಇದ್ದರೆ ಆಯ್ಕೆ ಬೇರೆಯಾಗುತ್ತದೆ. ಸ್ಟೈಲ್‌ಗ್ಯಾನ್2ರ ಲೈಸೆನ್ಸ್ ವ್ಯಾಪಾರಕ್ಕೆ ಬಿಡುವುದಿಲ್ಲ. ಡಿಲಿಬ್‌ನ 68 ಚುಕ್ಕೆ ಮಾಡೆಲ್ ಕಲಿತ ಫೋಟೋ ಸಂಗ್ರಹಕ್ಕೂ ಅದೇ ನಿರ್ಬಂಧ ಇದೆ. ನಾನು ಮಾಡಿಕೊಟ್ಟಿದ್ದು ಪರಿಚಯದ ಮೇಲೆ, ದುಡ್ಡಿಲ್ಲದೆ, ಹಾಗಾಗಿ ನಡೆಯಿತು. ಸ್ಟುಡಿಯೋದವರು ಕೈಯಲ್ಲಿ ಚುಕ್ಕೆ ಇಟ್ಟು ವಾರ್ಪ್ ಮಾಡಿ. ಈಗಿರುವವರ ಕೂದಲನ್ನೇ ಹಳೇ ಫೋಟೋದ ಹಾಗೆ ಬಾಚಿಸಿ ಫೋಟೋ ತೆಗೆದರೆ ಸ್ಟೈಲ್‌ಗ್ಯಾನ್ ಬೇಕಾಗುವುದೇ ಅಪರೂಪ. ಡಿಫ್ಯೂಷನ್ ಬಳಸುವುದಾದರೆ ನೀವು ಇಳಿಸಿಕೊಂಡ ಮಾಡೆಲ್‌ನ ಲೈಸೆನ್ಸ್ ಓದಿಕೊಳ್ಳಿ, ಒಂದೊಂದಕ್ಕೆ ಒಂದೊಂದು ಥರ ಇದೆ.

ಪ್ರಿಂಟ್

1024 ಪಿಕ್ಸೆಲ್ ಅಂದರೆ 4 ಇಂಚಿಗೆ 256 ಡಿಪಿಐ. ಹತ್ತಿರದಿಂದ ನೋಡುವ ಚಿತ್ರಕ್ಕೆ ಇದಕ್ಕಿಂತ ದೊಡ್ಡದು ಮಾಡಬೇಡಿ. ಒಂಬತ್ತು ಚಿತ್ರ, ನಡುವೆ ಅರ್ಧ ಇಂಚು ಜಾಗ, ಒಟ್ಟು 40 ಇಂಚು, ಒಂದೇ ಉದ್ದ ಫ್ರೇಮ್‌ನಲ್ಲಿ ಕೂರುತ್ತದೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಒಂದೇ ಸಲ ಪ್ರಿಂಟ್ ಹಾಕಿಸಿ. ಬೇರೆಬೇರೆ ದಿನ ಹಾಕಿಸಿದರೆ ಬೂದು ಬಣ್ಣದ ಛಾಯೆ ಒಂದೊಂದರಲ್ಲಿ ಒಂದೊಂದು ಥರ ಬಂದು, ಅಷ್ಟು ಕಷ್ಟಪಟ್ಟು ಹೊಂದಿಸಿದ ಸಮ ಹೆಜ್ಜೆ ಕೆಡುತ್ತದೆ. ಫೈನಲ್ ಹಾಕಿಸುವ ಮೊದಲು ಸಾದಾ ಕಾಗದದ ಮೇಲೆ ಅದೇ ಅಳತೆಯ ಒಂದು ಪ್ರತಿ ತೆಗೆದು, ಕತ್ತರಿಸಿ, ಕಲಸಿ, ಮನೆಯವರ ಕೈಗೆ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿ. ಯಾವ ಎರಡನ್ನು ಹಿಂದುಮುಂದು ಜೋಡಿಸುತ್ತಾರೋ ಅವು ಒಂದಕ್ಕೊಂದು ತೀರಾ ಹತ್ತಿರ ಇವೆ ಅಂತ ಅರ್ಥ. ಆಗ ಒಂಬತ್ತಕ್ಕೆ ಹಟ ಹಿಡಿಯದೆ ಏಳಕ್ಕೆ ಇಳಿಸಿ, ಮೇಲಿನ ಕೋಡ್‌ನಲ್ಲಿ ಕೊನೆಯ 9ರ ಜಾಗದಲ್ಲಿ 7 ಹಾಕಿ ಮತ್ತೆ ಆರಿಸಿ.